ಚಿಕ್ಕಮ್ಮ ತಲೆಕೆಳಗಾಗಿ ಓದಿದ ಉತ್ತರ

ನನ್ನ ಚಿಕ್ಕಮ್ಮನಿಗೆ ಮಾತು ಜಾಸ್ತಿ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಅವಳೇ ಹೇಳಿಕೊಳ್ಳುತ್ತಿದ್ದಳು: "ನನಗೆ ಬಾಯಿಗೆ ಬೀಗ ಇಲ್ಲ ಕಣೇ, ಇದ್ದ ಬೀಗಕ್ಕೂ ಕೀಲಿ ಕಳೆದುಹೋಗಿದೆ." ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವಳ ಕಸುಬು. ಒಂದು ಹಳೆಯ ಆರು ಮಹಡಿ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಂದೇ ಕೋಣೆ. ಕಿಟಕಿಯ ಪಕ್ಕ ಉದ್ದನೆಯ ಮೇಜು, ಮೂಲೆಯಲ್ಲಿ ಪುಸ್ತಕ ಒತ್ತುವ ಕಬ್ಬಿಣದ ಯಂತ್ರ, ಗೋಡೆಗೆ ಒರಗಿಸಿಟ್ಟ ರಟ್ಟಿನ ಹಾಳೆಗಳು, ಮತ್ತು ಎಲ್ಲಕ್ಕೂ ಮೇಲೆ ಹರಡಿಕೊಂಡ ಮೈದಾ ಅಂಟಿನ ವಾಸನೆ. ನಾನು ಅದೇ ಕಟ್ಟಡದ ಎರಡನೇ ಮಹಡಿಯ ವಿಮಾ ಕಚೇರಿಯಲ್ಲಿ ಟೈಪ್ ಮಾಡುತ್ತಿದ್ದೆ. ಮಧ್ಯಾಹ್ನದ ಡಬ್ಬಿ ಹಿಡಿದು ಮೇಲೆ ಹತ್ತಿ ಹೋಗುತ್ತಿದ್ದೆ. ಆದ್ದರಿಂದ ಈ ಕತೆಯ ಅರ್ಧವನ್ನು ಕಣ್ಣಾರೆ ಕಂಡಿದ್ದೇನೆ. ಉಳಿದರ್ಧವನ್ನು ಅವಳ ಬಾಯಿಂದ ಹತ್ತಾರು ಸಲ ಕೇಳಿದ್ದೇನೆ.

ಅವಳಿಗಾಗ ನಲವತ್ತನಾಲ್ಕು. ಮದುವೆಯಾಗಿರಲಿಲ್ಲ. ಆಗಬಾರದು ಎಂಬ ಹಟವೇನೂ ಇರಲಿಲ್ಲ. ನಮ್ಮ ತಾತ ಹಾಸಿಗೆ ಹಿಡಿದು ಒಂಬತ್ತು ವರ್ಷ ಮಲಗಿದ್ದರು, ನೋಡಿಕೊಂಡವಳು ಇವಳು. ಅವರು ತೀರಿಕೊಂಡ ಮೇಲೆ ಒಂದು ದಿನ ಕನ್ನಡಿ ನೋಡಿಕೊಂಡಾಗ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು, ಅಷ್ಟೇ.

ಆ ಕಟ್ಟಡದ ಲಿಫ್ಟ್ ತಿಂಗಳಿಗೆ ಎರಡು ಸಲವಾದರೂ ಕೈಕೊಡುತ್ತಿತ್ತು. ರಿಪೇರಿಗೆ ಬರುತ್ತಿದ್ದವರು ಐವತ್ತರ ಹತ್ತಿರದ ಒಬ್ಬ ಮೆಕ್ಯಾನಿಕ್. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಯಾವಾಗಲೂ ಜೇಬಿನಲ್ಲಿ ಮಡಚಿಟ್ಟ ಬಟ್ಟೆ. ಗ್ರೀಸ್ ಮೆತ್ತಿದ ಕೈಯನ್ನು ಅದರಲ್ಲಿ ಬೆರಳು ಬೆರಳಾಗಿ ಒರೆಸಿಕೊಂಡೇ ಬಾಗಿಲು ತಟ್ಟುವವರು. ಕೆಲಸ ಮುಗಿದ ಮೇಲೆ ಸಹಿ ಹಾಕಿಸಿಕೊಳ್ಳಲು ಯಾವ ಮಹಡಿಯವರಾದರೂ ಸಾಕಿತ್ತು. ಅವರು ಮಾತ್ರ ಪ್ರತಿ ಸಲ ನಾಲ್ಕನೇ ಮಹಡಿಗೇ ಬರುತ್ತಿದ್ದರು.

ಮೊದಲು ಇದನ್ನು ಗಮನಿಸಿದವಳು ನಾನು.

"ಚಿಕ್ಕಮ್ಮ, ಒಂದನೇ ಮಹಡಿಯಲ್ಲಿ ವಾಚ್‌ಮನ್ ಇದ್ದಾನೆ. ಅವನ ಸಹಿ ನಡೆಯಲ್ವಂತಾ?"

"ಅವನ ಅಕ್ಷರ ಚೆನ್ನಾಗಿಲ್ಲ ಬಿಡು," ಎಂದಳು. ಮುಖ ಮಾತ್ರ ಅಂಟಿನ ಬಟ್ಟಲಿನ ಕಡೆ ತಿರುಗಿತ್ತು.

ಸಹಿಗೆ ಅರ್ಧ ನಿಮಿಷ ಸಾಕು. ಅವರು ಇಪ್ಪತ್ತು ನಿಮಿಷ ಕೂರುತ್ತಿದ್ದರು. ಆ ಇಪ್ಪತ್ತರಲ್ಲಿ ಹತ್ತೊಂಬತ್ತು ನಿಮಿಷ ಚಿಕ್ಕಮ್ಮನ ಮಾತು. ಹುಳ ತಿಂದ ನಿಘಂಟು, ತಾತನ ಔಷಧಿ, ಪಕ್ಕದ ಕೋಣೆಯ ವಕೀಲರ ಗೊರಕೆ, ಯಾವುದಕ್ಕೂ ಕಮ್ಮಿ ಇಲ್ಲ. ಅವರು ಸ್ಟೂಲಿನ ಮೇಲೆ ಕೂತು ತಲೆಯಾಡಿಸುತ್ತ ಕೇಳುವರು. ಏಳುವಾಗ "ಬರ್ತೀನಿ ಮೇಡಂ" ಎನ್ನುವರು. ಚಿಕ್ಕಮ್ಮ ಅಲ್ಲಿಗೂ ಬಿಡುತ್ತಿರಲಿಲ್ಲ. ಅವರು ಮೇಲಿನ ಯಂತ್ರದ ಕೋಣೆಯಲ್ಲಿರುವಾಗ ಲಿಫ್ಟ್ ಸರಿಯಾಯಿತೇ ಎಂದು ನೋಡುವ ನೆಪದಲ್ಲಿ ಆರಕ್ಕೂ ಒಂದಕ್ಕೂ ಓಡಾಡಿದ್ದೇ ಓಡಾಡಿದ್ದು. ಒಂದು ದಿನ ಅವರು ಬರುವುದು ತಡವಾಯಿತೆಂದು ಕಂಪನಿಗೆ ಮೂರು ಸಲ ಫೋನ್ ಮಾಡಿದಳು. ಆವತ್ತು ಲಿಫ್ಟ್ ಕೆಟ್ಟೇ ಇರಲಿಲ್ಲ.

ಹೀಗೆ ಏಳೆಂಟು ತಿಂಗಳಾದ ಮೇಲೆ ಒಂದು ಗುರುವಾರ ಅವರು ಎದ್ದು ನಿಂತು, ಬಟ್ಟೆಯಲ್ಲಿ ಕೈ ಒರೆಸಿ ಒರೆಸಿ, "ಭಾನುವಾರ ನದಿ ದಂಡೆ ಕಡೆ ಒಂದು ಸುತ್ತು ಹೋಗಿ ಬರೋಣ್ವಾ?" ಎಂದರು.

ಚಿಕ್ಕಮ್ಮ ನದಿಯ ಬಗ್ಗೆ, ಭಾನುವಾರದ ಬಗ್ಗೆ, ತನ್ನ ಹಳೆಯ ಚಪ್ಪಲಿಯ ಬಗ್ಗೆ ಹತ್ತು ನಿಮಿಷ ಮಾತಾಡಿ ಕೊನೆಗೆ "ನಾಳೆ ಹೇಳ್ತೀನಿ" ಎಂದಳು. ಅವರು ಹೋದ ಮೇಲೆ ಕುರ್ಚಿಯಲ್ಲಿ ಕುಸಿದು, "ಅಯ್ಯೋ, ಹೂಂ ಅನ್ನೋಕೆ ನನಗೇನಾಗಿತ್ತು?" ಎಂದು ತನ್ನನ್ನೇ ಬೈದುಕೊಂಡಳು. ಹೂಂ ಅನ್ನಲು ಆಗದ್ದಕ್ಕೆ ಕಾರಣ ಭಯ. ಅದನ್ನು ನಾನೂ ಬಲ್ಲೆ, ಅವಳೂ ಬಲ್ಲಳು.

ಮೇಜಿನ ಮೇಲೆ ಆಗ ಒಂದು ವಿಚಿತ್ರ ಪುಸ್ತಕ ಬಿಡಿಬಿಡಿಯಾಗಿ ಹರಡಿತ್ತು. ಅದನ್ನು ರಟ್ಟು ಕಟ್ಟಿಸಲು ಕೊಟ್ಟವರು ನಿವೃತ್ತ ಕರಡು ತಿದ್ದುವವರು. ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ನೋಡಿದವರಾದ್ದರಿಂದ ಎಲ್ಲರೂ ಅವರನ್ನು ಕರಡು ತಾತ ಎನ್ನುತ್ತಿದ್ದರು. ಮೈತುಂಬ ಕೂದಲಿದ್ದುದರಿಂದ ನಮ್ಮ ಕಚೇರಿಯ ಹುಡುಗಿಯರು ಅವರ ಬೆನ್ನ ಹಿಂದೆ ಕರಡಿ ತಾತ ಎನ್ನುತ್ತಿದ್ದರು. ಅವರಿಗೆ ಅದೂ ಗೊತ್ತಿತ್ತು. ಪುಸ್ತಕ ಚೀನಾ ದೇಶದ ಬಹಳ ಪುರಾತನ ಶಕುನ ಗ್ರಂಥದ ಒಂದು ಅನುವಾದ. ಒಂದರ ಮೇಲೊಂದು ಆರು ಗೆರೆ ಎಳೆದ ಅರವತ್ತನಾಲ್ಕು ಆಕೃತಿಗಳು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ತೀರ್ಪಿನ ಮಾತು, ಒಂದು ನೋಟದ ವಿವರಣೆ. ಜೊತೆಗೆ ಆರು ಗೆರೆಗಳಿಗೂ ಒಂದೊಂದು ಮಾತು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಮೂರು ನಾಣ್ಯಗಳನ್ನು ಆರು ಸಲ ಎಸೆದರೆ ನಿಮ್ಮ ಆಕೃತಿ ಸಿಗುತ್ತದೆ.

ಚಿಕ್ಕಮ್ಮ ಕಟ್ಟುವ ಪುಸ್ತಕಗಳನ್ನೆಲ್ಲ ಓದುವವಳು. ಅಡ್ಡಾದಿಡ್ಡಿಯಾಗಿ, ಕೈಗೆ ಸಿಕ್ಕ ಹದಿನಾರು ಪುಟದ ಕಟ್ಟನ್ನು ಓದುವವಳು. ಶುಕ್ರವಾರ ಬೆಳಿಗ್ಗೆ ನಾಣ್ಯದ ಲೆಕ್ಕ ಹೇಳುವ ಕಟ್ಟು ಅವಳ ಕೈಯಲ್ಲಿತ್ತು. ಮುಂದಿನ ಕಟ್ಟಿನ ಅಂಚನ್ನು ಹುಳ ತಿಂದಿತ್ತು. ಅದಕ್ಕೆ ತೆಳು ಕಾಗದ ಮೆತ್ತಿ ಒತ್ತು ಯಂತ್ರದಲ್ಲಿ ಬಿಗಿದಿಟ್ಟಿದ್ದಳು. ನಾಳೆಯವರೆಗೆ ತೆಗೆಯುವ ಹಾಗಿರಲಿಲ್ಲ.

ಲೆಕ್ಕ ಸುಲಭವಾಗಿತ್ತು. ಚಿತ್ರದ ಮುಖ ಮೇಲೆ ಬಿದ್ದರೆ ಮೂರು, ಅಂಕಿಯ ಮುಖ ಬಿದ್ದರೆ ಎರಡು. ಮೂರು ನಾಣ್ಯ ಕೂಡಿಸಿದರೆ ಆರು, ಏಳು, ಎಂಟು, ಒಂಬತ್ತು, ಇಷ್ಟರಲ್ಲಿ ಒಂದು ಬರಲೇಬೇಕು. ಏಳು ಮತ್ತು ಒಂಬತ್ತು ಬಂದರೆ ಇಡೀ ಗೆರೆ. ಆರು ಮತ್ತು ಎಂಟು ಬಂದರೆ ನಡುವೆ ಒಡೆದ ಗೆರೆ. ಏಳು, ಎಂಟು ತಮ್ಮ ಪಾಡಿಗೆ ನಿಂತಿರುವ ಗೆರೆಗಳು. ಆರು, ಒಂಬತ್ತು ಮಾತ್ರ ಮಾಗಿ ತುದಿ ಮುಟ್ಟಿದವು, ಬದಲಾಗುವವು. ಒಡೆದದ್ದು ಕೂಡಿ ಇಡಿಯಾಗುತ್ತದೆ, ಇಡೀ ಇದ್ದದ್ದು ಒಡೆಯುತ್ತದೆ. ಹಾಗೆ ಬದಲಾದ ಮೇಲೆ ಮೂಡುವುದು ಎರಡನೇ ಆಕೃತಿ. ಮೊದಲನೆಯದು ಈಗಿನ ಸ್ಥಿತಿ, ಎರಡನೆಯದು ಅದು ಹೊರಟಿರುವ ದಿಕ್ಕು.

"ನನ್ನದೂ ಅವರದೂ ಈ ವಿಷಯ ಎತ್ತ ಹೋಗ್ತಿದೆ?" ಎಂದು ಕೇಳಿ ಅವಳು ನಾಣ್ಯ ಎಸೆದಳು. ಎಂಟು. ಎಂಟು. ಏಳು. ಒಂಬತ್ತು. ಏಳು. ಆರು. ಒಂದು ಚೀಟಿಯ ಮೇಲೆ, ಸಂತೆಯ ಸಾಮಾನಿನ ಪಟ್ಟಿ ಬರೆಯುವ ಹಾಗೆ, ಮೇಲಿನಿಂದ ಕೆಳಗೆ ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆ ಗೆರೆ ಎಳೆದಳು.

ಕೋಷ್ಟಕದಲ್ಲಿ ಹುಡುಕಿದಾಗ ಸಿಕ್ಕಿದ್ದು ಮೂವತ್ತೆರಡನೆಯ ಆಕೃತಿ: ಮೇಲಿನ ಮೂರು ಗೆರೆ ಸೇರಿ ಗುಡುಗು, ಕೆಳಗಿನ ಮೂರು ಸೇರಿ ಗಾಳಿ. ಹೆಸರು 'ಬಾಳಿಕೆ'. ಹೆಸರು ನೋಡಿ ಅವಳ ಮುಖ ಅರಳಿತಂತೆ. ಆದರೆ ಬದಲಾಗುವ ಗೆರೆಗಳೆರಡೂ ಕೆಳಗಿದ್ದವು. ತೀರ ಕೆಳಗಿನದು ಆರು. ಅದರ ಮಾತು, ಶುರುವಿನಲ್ಲೇ ಆಳಕ್ಕೆ ಇಳಿಯಲು ಅವಸರಪಟ್ಟರೆ ಕೇಡು ಎಂದು. ಕೆಳಗಿನಿಂದ ಮೂರನೆಯದು ಒಂಬತ್ತು. ಅದರ ಮಾತು, ನಡತೆಯಲ್ಲಿ ನೆಲೆ ಇಲ್ಲದವರಿಗೆ ಅವಮಾನ ಕಾದಿದೆ ಎಂದು. ಆ ಎರಡನ್ನೂ ಬದಲಾಯಿಸಿದಾಗ ಕೆಳಗಿನ ಗಾಳಿ ಸರೋವರವಾಗಿ ಐವತ್ತನಾಲ್ಕನೆಯ ಆಕೃತಿ ಮೂಡಿತು. ಹೆಸರು 'ಮದುವೆಯಾಗಿ ಹೋಗುವ ಹೆಣ್ಣು'. ಅದರ ತೀರ್ಪು ಒಂದೇ ಸಾಲು: ಮುಂದಡಿ ಇಟ್ಟರೆ ಕೇಡು, ಯಾವುದೂ ಕೈಗೂಡದು. ಕೆಳಗಿನ ವಿವರಣೆಯಲ್ಲಿ, ಮನೆಯಲ್ಲಿ ತನ್ನದೆಂಬ ಸ್ಥಾನವಿಲ್ಲದೆ ಆಸೆಯ ಹಿಂದೆ ಹೋದ ಹೆಣ್ಣಿನ ಮಾತಿತ್ತು.

ನಾನು ಮಧ್ಯಾಹ್ನ ಹೋದಾಗ ಅವಳು ಡಬ್ಬಿ ತೆರೆದಿರಲಿಲ್ಲ.

"ನಲವತ್ತನಾಲ್ಕಕ್ಕೆ ನನಗೆ ಇದೆಲ್ಲ ಯಾಕೆ ಬೇಕಿತ್ತು?" ಎಂದಳು. ಚೀಟಿಯನ್ನು ನನ್ನ ಮುಂದೆ ತಳ್ಳಿದಳು.

"ನಾಣ್ಯ ಹೇಳಿತು ಅಂತ ಕೂತುಬಿಡ್ತೀಯಾ?"

"ನಾಣ್ಯ ಹೇಳಿದ್ದಲ್ಲ ಕಣೇ. ನನಗೆ ಗೊತ್ತಿದ್ದದ್ದನ್ನೇ ಅದು ಹೇಳಿತು."

ಅದು ನಿಜವಾಗಿರಲಿಲ್ಲ. ಅವಳು ಹೆದರಿದ್ದದ್ದನ್ನು ಅದು ಹೇಳಿತ್ತು. ಎರಡೂ ಒಂದೇ ಎಂದು ಅವಳಿಗೆ ಆಗ ಅನ್ನಿಸಿತು. ಮೆಕ್ಯಾನಿಕ್‌ಗೆ ಎರಡೇ ಪದದ ಸಂದೇಶ ಕಳಿಸಿದಳು: "ಬರಲು ಆಗುವುದಿಲ್ಲ." ಅವಳ ಜೀವಮಾನದಲ್ಲಿ ಅವಳು ಆಡಿದ ಅತಿ ಚಿಕ್ಕ ಮಾತು ಅದೇ ಇರಬೇಕು ಎಂದು ನಾನು ಹೇಳಿದರೆ, "ಎರಡು ಪದ ಸಾಕಾಯ್ತು," ಎಂದಳು. ಆದರೆ ನಗಲಿಲ್ಲ.

ಮರುದಿನದಿಂದ ಅವಳು ಲಿಫ್ಟ್ ಹತ್ತುವುದನ್ನೇ ಬಿಟ್ಟಳು. ನಾಲ್ಕು ಮಹಡಿ, ಎಂಬತ್ತೆಂಟು ಮೆಟ್ಟಿಲು, ಕೈಯಲ್ಲಿ ಪುಸ್ತಕದ ಗಂಟು. ಮೆಕ್ಯಾನಿಕ್ ಒಂದು ಸಲ ಬಂದು ಬಾಗಿಲು ತಟ್ಟಿದರು. ಅವಳು ಒಳಗಿದ್ದೂ ತೆರೆಯಲಿಲ್ಲ. ಮುಂದಿನ ಸಲ ಅವರು ವಾಚ್‌ಮನ್ ಹತ್ತಿರವೇ ಸಹಿ ಹಾಕಿಸಿಕೊಂಡು ಹೊರಟುಹೋದರು. ಮೆಟ್ಟಿಲಲ್ಲಿ ನನಗೆ ಎದುರಾದಾಗ, "ನಿಮ್ಮ ಚಿಕ್ಕಮ್ಮ ಹುಷಾರಾಗಿದ್ದಾರಾ?" ಎಂದಷ್ಟೇ ಕೇಳಿದರು. ಹುಷಾರಾಗಿದ್ದಾಳೆ ಎಂದೆ. "ಅಷ್ಟು ಸಾಕು," ಎಂದರು. ನನಗೆ ಆವತ್ತು ಅವರ ಮೇಲೆ ಬಹಳ ಅಕ್ಕರೆ ಬಂತು. ಚಿಕ್ಕಮ್ಮನ ಮೇಲೆ ಅಷ್ಟೇ ಸಿಟ್ಟೂ ಬಂತು.

ಮೂರು ವಾರ ಹೀಗೆ ಹೋಯಿತು. ನಾಲ್ಕನೆಯ ವಾರ ಕರಡು ತಾತ ಪುಸ್ತಕ ಒಯ್ಯಲು ಬಂದರು. ನಾನೂ ಅಲ್ಲೇ ಇದ್ದೆ.

ತಾತ ಹೊಸ ರಟ್ಟನ್ನು ಸವರಿ, ಬೆನ್ನನ್ನು ತಟ್ಟಿ, ಪುಟ ತಿರುಗಿಸಿದರು. ಐವತ್ತನಾಲ್ಕನೆಯ ಆಕೃತಿಯ ಪುಟದಲ್ಲಿ ಆ ಚೀಟಿ ಸಿಕ್ಕಿಕೊಂಡಿತ್ತು. ಚಿಕ್ಕಮ್ಮ ಕೈ ಚಾಚುವಷ್ಟರಲ್ಲಿ ತಾತನ ಕಣ್ಣು ಅದರ ಮೇಲೆ ಓಡಿತ್ತು. ಕರಡು ತಿದ್ದಿದ ಕಣ್ಣು. ಅದಕ್ಕೆ ತಪ್ಪು ಕಾಣದೆ ಇರಲು ಬರುವುದಿಲ್ಲ.

"ಇದು ಯಾರು ಬರೆದದ್ದು ತಾಯೀ?"

"ನಾನೇ ತಾತ. ಸುಮ್ನೆ, ಆಟಕ್ಕೆ."

"ಮೊದಲ ಸಲ ಎಸೆದಾಗ ಏನು ಬಂತು? ಎಂಟಾ, ಆರಾ?"

"ಎಂಟು. ಮೇಲಿಂದ ಬರೆದಿದ್ದೀನಲ್ಲ."

ತಾತ ಕನ್ನಡಕ ಹಣೆಗೇರಿಸಿದರು. "ಮೇಲಿಂದ ಯಾಕೆ ಬರೆದೆ? ಆಕೃತಿ ಬೆಳೆಯೋದು ಕೆಳಗಿಂದ ಮೇಲಕ್ಕೆ. ಮೊದಲ ಎಸೆತ ತಳದ ಗೆರೆ, ಆರನೆಯದು ತುದಿ. ಆ ಮಾತು ಪುಸ್ತಕದಲ್ಲೇ ಇದೆ." ಪುಟ ತೆಗೆದು ತೋರಿಸಿದರು. ಅಂಚಿಗೆ ತೆಳು ಕಾಗದ ಮೆತ್ತಿದ್ದ ಅದೇ ಕಟ್ಟು, ಒತ್ತು ಯಂತ್ರದಲ್ಲಿ ಒಣಗುತ್ತಿದ್ದದ್ದು. "ನೀನು ಇಡೀ ಉತ್ತರಾನ ತಲೆಕೆಳಗೆ ಓದಿದ್ದೀಯ."

ಚಿಕ್ಕಮ್ಮ ಬಗ್ಗಿ ಆ ಪುಟ ಓದಿದಳು.

ತಾತ ಅವಳ ಪೆನ್ಸಿಲ್ ತೆಗೆದುಕೊಂಡು ಚೀಟಿಯ ಹಿಂಬದಿಯಲ್ಲಿ ತಳದಿಂದ ಗೆರೆ ಎಳೆಯುತ್ತ ಹೋದರು. "ನೋಡು. ಎಂಟು, ಒಡೆದ ಗೆರೆ. ಅದರ ಮೇಲೆ ಎಂಟು, ಒಡೆದದ್ದು. ಅದರ ಮೇಲೆ ಏಳು, ಇಡೀ ಗೆರೆ. ಈ ಮೂರು ಸೇರಿದರೆ ಬೆಟ್ಟ. ಆಮೇಲೆ ಒಂಬತ್ತು, ಇಡೀದು. ಏಳು, ಇಡೀದು. ತುದೀಲಿ ಆರು, ಒಡೆದದ್ದು. ಈ ಮೂರು ಸರೋವರ. ಬೆಟ್ಟದ ಮೇಲೆ ಸರೋವರ. ಇದು ಮೂವತ್ತೊಂದನೇ ಆಕೃತಿ. ಹೆಸರು ಗೊತ್ತಾ?"

ಚಿಕ್ಕಮ್ಮ ತಲೆಯಾಡಿಸಿ ಇಲ್ಲ ಎಂದಳು.

"'ಸೆಳೆತ'. ಒಬ್ಬರಿಂದೊಬ್ಬರಿಗೆ ಮನಸ್ಸು ತಾಗೋದು. ಬೆಟ್ಟ ಅಂದ್ರೆ ಮನೆಯ ಕಿರೀ ಮಗ, ಸರೋವರ ಅಂದ್ರೆ ಕಿರೀ ಮಗಳು. ಹುಡುಗ ತಾನು ಕೆಳಗೆ ಕೂತು ಹುಡುಗೀನ ಮೇಲೆ ಕೂರಿಸಿದ್ದಾನೆ. ಯಾರ ವಿಷಯ ಕೇಳಿ ಎಸೆದೆ ಅಂತ ನಾನು ಕೇಳಲ್ಲ, ವಾಚ್‌ಮನ್ ಹೇಳಿದ್ದೇ ಸಾಕು. ಆದ್ರೆ ಸ್ಟೂಲಿನ ಮೇಲೆ ಕೂತು ಸುಮ್ಮನೆ ಕೇಳಿಸಿಕೊಳ್ಳೋ ಮನುಷ್ಯ ಯಾರಾದ್ರೂ ಇದ್ದರೆ ಬೆಟ್ಟ ಅಂದ್ಕೋಬಹುದು."

ನಾನು ಕೆಮ್ಮಿದೆ. ಚಿಕ್ಕಮ್ಮ ನನ್ನನ್ನು ದುರುಗುಟ್ಟಿ ನೋಡಿದಳು.

"ಈಗ ಬದಲಾಗೋ ಗೆರೆ," ಎಂದು ತಾತ ಮುಂದುವರಿಸಿದರು. "ನಾಲ್ಕನೆಯದರಲ್ಲಿ ಒಂಬತ್ತು, ತುದೀಲಿ ಆರು. ಇವೆರಡೇ. ಒಂಬತ್ತು ಒಡೀತದೆ, ಆರು ಕೂಡ್ತದೆ. ಏಳು ಎಂಟನ್ನ ಮುಟ್ಟಬಾರದು. ಏನಾಯ್ತು? ಕೆಳಗಿನ ಬೆಟ್ಟ ಹಂದಲಿಲ್ಲ. ಮೇಲಿನ ಸರೋವರ ಗಾಳಿಯಾಯ್ತು. ಗಾಳಿಗೇ ಮರ ಅಂತಾನೂ ಅರ್ಥ ಇದೆ. ಬೆಟ್ಟದ ಮೇಲೆ ಮರ. ಐವತ್ತಮೂರು. ಹೆಸರು 'ಹಂತ ಹಂತವಾಗಿ'. ಅದರ ತೀರ್ಪಿನಲ್ಲಿ ಹೆಣ್ಣನ್ನ ಮದುವೆ ಮಾಡಿಕೊಡೋ ಮಾತಿದೆ, ಶುಭ ಅಂತಿದೆ, ತಾಳ್ಮೆಯಿಂದ ನಡೆದರೆ ಒಳ್ಳೇದು ಅಂತಿದೆ."

ಚಿಕ್ಕಮ್ಮ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಾಗಾದ್ರೆ ಆಗೇ ಆಗುತ್ತೆ ಅಂತಾನಾ ತಾತ?"

"ಅಲ್ಲೇ ಎಲ್ಲರೂ ಎಡವೋದು. ಎರಡನೇ ಆಕೃತಿ ಕ್ಯಾಲೆಂಡರ್ ಅಲ್ಲ, ಇಂಥ ದಿನ ಇಂಥದ್ದು ಆಗುತ್ತೆ ಅಂತ ಹೇಳೋಕೆ. ಮೊದಲನೆಯದು ನೀನು ಈಗ ಇರೋ ಜಾಗ. ಎರಡನೆಯದು ದಾರಿ ಬಾಗಿರೋ ಕಡೆ. ನಡುವೆ ಇರೋದು ಬದಲಾಗೋ ಗೆರೆಗಳು. ನಿನಗೆ ಕೆಲಸ ಕೊಟ್ಟಿರೋದು ಅವು. ಅವು ಹೇಳಿದ್ದನ್ನ ಮಾಡದೆ ಎರಡನೆಯದಕ್ಕೆ ಹಾರೋಕಾಗಲ್ಲ. ಓದು, ಗಟ್ಟಿಯಾಗಿ ಓದು."

ಅವಳು ಮೂವತ್ತೊಂದರ ನಾಲ್ಕನೆಯ ಗೆರೆ ಓದಿದಳು. ಸ್ಥಿರವಾಗಿದ್ದರೆ ಶುಭ, ಪಶ್ಚಾತ್ತಾಪ ಕಳೆಯುವುದು. ಮನಸ್ಸು ಕದಡಿ ಅತ್ತಿಂದಿತ್ತ ಇತ್ತಿಂದತ್ತ ಓಡಾಡಿದರೆ, ನೀನು ಬೇಕೆಂದು ನೆನೆಸಿಕೊಂಡವರು ಮಾತ್ರ ಹಿಂದೆ ಬಂದಾರು, ಅಷ್ಟೇ. ಓದಿ, ಆರಕ್ಕೂ ಒಂದಕ್ಕೂ ಲಿಫ್ಟಿನಲ್ಲಿ ಓಡಾಡಿದ್ದು ನೆನಪಾಗಿರಬೇಕು, ಕಿವಿ ಕೆಂಪಾಯಿತು. ಆಮೇಲೆ ತುದಿಯ ಗೆರೆ ಓದಿದಳು. ಸೆಳೆತ ದವಡೆಯಲ್ಲಿ, ಕೆನ್ನೆಯಲ್ಲಿ, ನಾಲಿಗೆಯಲ್ಲಿ ತೋರುತ್ತಿದೆ ಎಂದಿತ್ತು.

"ಅಂದ್ರೆ?" ಎಂದಳು.

"ಅಂದ್ರೆ ಬರೀ ಬಾಯಿ," ಎಂದರು ತಾತ.

ನನಗೆ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮನಿಗೂ ಬಂತು. ಅಳು ಮುಗಿಯುವ ಮೊದಲೇ ಬಂದದ್ದರಿಂದ ಎರಡೂ ಸೇರಿ ಬಿಕ್ಕಳಿಕೆಯಾಯಿತು. ನೀರು ಕುಡಿದು ಸಾವರಿಸಿಕೊಂಡು ನಾಣ್ಯದ ಡಬ್ಬಿಗೆ ಕೈಹಾಕಿದಳು. "ಇನ್ನೊಂದು ಸಲ ಎಸೆದು ನೋಡ್ಲಾ? ಖಾತ್ರಿಗೆ?"

"ಬೇಡ. ಉತ್ತರ ಸಿಕ್ಕಿರೋ ಪ್ರಶ್ನೇನೇ ಮತ್ತೆ ಮತ್ತೆ ಕೇಳೋದು ಪೀಡಿಸಿದ ಹಾಗೆ. ಇನ್ನೂ ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ತಲೆಕೆಳಗಾಗಿ ಓದಿದ್ದು ಗೆರೆಯ ತಪ್ಪು. ಆ ಮನುಷ್ಯನಿಗೆ ಕಾರಣ ಹೇಳದೆ ಬಾಗಿಲು ಮುಚ್ಚಿದ್ದು ಗೆರೆಯ ತಪ್ಪಲ್ಲ."

ತಾತ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟರು. ಚೀಟಿಯನ್ನು ಅವಳಿಗೇ ಬಿಟ್ಟರು.

ಮುಂದಿನ ಮಂಗಳವಾರ ಬೆಳಿಗ್ಗೆ ಮೆಕ್ಯಾನಿಕ್ ಬಂದದ್ದು ಗೊತ್ತಾಗುತ್ತಲೇ ಚಿಕ್ಕಮ್ಮ ತಾರಸಿಗೆ ಹೋದಳು. ಯಂತ್ರದ ಕೋಣೆಯ ಕಬ್ಬಿಣದ ಬಾಗಿಲು ತೆರೆದಿತ್ತು. ಒಳಗೆ ದೊಡ್ಡ ಗಾಲಿ, ಅದರ ಮೇಲಿಂದ ಇಳಿದುಹೋದ ಉಕ್ಕಿನ ಹಗ್ಗಗಳು, ಎಣ್ಣೆಯ ವಾಸನೆ. ಅವರು ಮಂಡಿಯೂರಿ ಕೂತು ಬೋಲ್ಟ್ ಬಿಗಿಯುತ್ತಿದ್ದರು.

"ನಾನು ತಪ್ಪು ಮಾಡಿದೆ," ಎಂದಳು. "ನಿಮಗೆ ಹಾಗೆ ಮಾಡಬಾರದಾಗಿತ್ತು. ಕ್ಷಮಿಸಿ."

ಮುಂದಿನದು ಹೇಳಲು ನಾಲಿಗೆಯ ತುದಿಗೆ ನೂರೆಂಟು ಮಾತು ಬಂದಿದ್ದವಂತೆ. ಅಪ್ಪನ ಕಾಯಿಲೆ, ವಯಸ್ಸು, ಭಯ, ಚೀಟಿ, ಬೆಟ್ಟ, ಸರೋವರ. ಅವಳು ತುಟಿ ಕಚ್ಚಿ ನಿಂತಳು. ಅವರು ಕಾದರು. ಅವಳು ಮಾತಾಡಲಿಲ್ಲ. ಅವರು ಮತ್ತೂ ಕಾದರು, ಅಭ್ಯಾಸ ಬಲದಿಂದ. ಕೊನೆಗೆ ಸ್ಪ್ಯಾನರ್ ಕೆಳಗಿಟ್ಟು ಅವರೇ ಶುರು ಮಾಡಿದರು.

"ನನಗೆ ಒಂದು ಸಲ ಮದುವೆಯಾಗಿತ್ತು. ನಿಮಗೆ ಹೇಳಬೇಕು ಅಂತಲೇ ನದಿ ಕಡೆ ಕರೆದಿದ್ದು. ನಾಲ್ಕು ವರ್ಷ ಇದ್ವಿ. ಅವಳಿಗೆ ನನ್ನ ಜೊತೆ ಹಿಡಿಸಲಿಲ್ಲ, ಹೋದಳು. ತಪ್ಪು ಅವಳದ್ದೂ ಅಲ್ಲ. ನನಗೆ ಬಾಯಿ ಬಿಡೋಕೆ ಹೊತ್ತು ಹಿಡಿಯುತ್ತೆ, ಅವಳಿಗೆ ಅಷ್ಟು ಕಾಯೋಕಾಗಲಿಲ್ಲ." ಬಟ್ಟೆ ತೆಗೆದು ಬೆರಳು ಒರೆಸಿದರು. "ನಿಮ್ಮ ಮಾತು ಕೇಳೋಕೆ ನನಗೆ ಬಹಳ ಇಷ್ಟ ಮೇಡಂ. ಆದ್ರೆ ಎಂಟು ತಿಂಗಳಾಯ್ತು, ನುಗ್ಗೋಕೆ ಒಂದು ಸಂದು ಸಿಕ್ಕಿರಲಿಲ್ಲ."

ಚಿಕ್ಕಮ್ಮ ಇದನ್ನು ನನಗೆ ಹೇಳುವಾಗ ಇಲ್ಲಿ ಯಾವಾಗಲೂ ನಿಲ್ಲಿಸುತ್ತಾಳೆ. "ಎಂಟು ತಿಂಗಳು ಕಣೇ! ಅವರ ಹೊಟ್ಟೆಯಲ್ಲಿದ್ದ ಒಂದೇ ಮಾತಿಗೆ ನಾನು ಜಾಗ ಬಿಟ್ಟಿರಲಿಲ್ಲ."

ಆ ಭಾನುವಾರ ನದಿ ದಂಡೆಗೆ ಹೋದರು. ಅದಾದ ಮೇಲೆ ಪ್ರತಿ ಭಾನುವಾರ. ನಡುವೆ ಫೋನಿಲ್ಲ, ಲಿಫ್ಟಿನಲ್ಲಿ ಸವಾರಿ ಇಲ್ಲ. ಅವಳೇ ಹಾಗೆ ಗೊತ್ತು ಮಾಡಿಕೊಂಡಿದ್ದಳು. ನಾಲ್ಕನೆಯ ಗೆರೆ ಹೇಳಿದ ಸ್ಥಿರ ಎಂದರೆ ಇದೇ ಇರಬೇಕು ಎಂದು ಅವಳ ಲೆಕ್ಕ. ಮೂರು ತಿಂಗಳಾದ ಮೇಲೆ ಅವರ ಅಕ್ಕನ ಮನೆಗೆ ಹೋಗಿ ಚಹ ಕುಡಿದು ಬಂದಳು. ಆರು ತಿಂಗಳಿಗೆ ಅವರು ನಮ್ಮ ಮನೆಗೆ ಬಂದರು. ನನ್ನ ಅಮ್ಮ, ಎಂದರೆ ಚಿಕ್ಕಮ್ಮನ ಅಕ್ಕ, ಅಡುಗೆಮನೆಗೆ ಅವಳನ್ನು ಎಳೆದುಕೊಂಡು ಹೋಗಿ, "ಒಳ್ಳೇ ಮನುಷ್ಯ. ಈ ತಿಂಗಳೇ ಮುಗಿಸಿಬಿಡೋಣ. ನಿನಗೇನು ಇಪ್ಪತ್ತಾ?" ಎಂದಳು.

"ಇಪ್ಪತ್ತಾಗಿದ್ರೆ ಅವಸರ ಮಾಡ್ತಿದ್ದೆ ಅಕ್ಕ," ಎಂದಳು ಚಿಕ್ಕಮ್ಮ. "ಬೆಟ್ಟದ ಮೇಲೆ ಮರ ಒಂದು ತಿಂಗಳಲ್ಲಿ ಬೆಳೆಯಲ್ಲ."

ಅಮ್ಮನಿಗೆ ಏನೂ ಅರ್ಥವಾಗಲಿಲ್ಲ. ತಂಗಿಗೆ ಇಷ್ಟು ಚಿಕ್ಕ ಉತ್ತರ ಕೊಡಲು ಬರುತ್ತದೆ ಎಂಬುದೇ ಅವಳಿಗೆ ದೊಡ್ಡ ಸುದ್ದಿಯಾಗಿತ್ತು.

ಎಲ್ಲ ಹೀಗೇ ಸಲೀಸಾಗಿ ಹೋಯಿತು ಎಂದುಕೊಳ್ಳಬೇಡಿ. ಒಂದು ವರ್ಷವಾಗುವ ಹೊತ್ತಿಗೆ ಕಂಪನಿಯವರು ಮೆಕ್ಯಾನಿಕ್‌ರನ್ನು ದೂರದ ಊರಿಗೆ ಕಳಿಸಿದರು. ಅಲ್ಲಿ ಹೊಸದಾಗಿ ಏಳುತ್ತಿದ್ದ ದೊಡ್ಡ ಕಟ್ಟಡಕ್ಕೆ ಎಂಟು ಲಿಫ್ಟ್ ಕೂರಿಸುವ ಕೆಲಸ. ಆರು ತಿಂಗಳು ಎಂದದ್ದು ಹತ್ತು ತಿಂಗಳಾಗುವ ಸೂಚನೆ ಕಂಡಿತು. ಭಾನುವಾರ ಫೋನ್ ಬರುತ್ತಿತ್ತು. ಒಂದು ಭಾನುವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ.

ಚಿಕ್ಕಮ್ಮ ಸೋಮವಾರ ನನ್ನ ಕಚೇರಿಗೇ ಇಳಿದು ಬಂದಳು. ಅವಳ ಮುಖ ನೋಡಿ ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ.

"ನಾನು ಒಂದು ಮಾತು ಓದಿದ್ದೆ. ನಿನಗೆ ಹೇಳಿರಲಿಲ್ಲ. ಆ ಐವತ್ತಮೂರನೇ ಆಕೃತೀಲಿ ಮೂರನೇ ಗೆರೆ. ಹೋದ ಗಂಡಸು ಮರಳಿ ಬರಲ್ಲ ಅಂತಿದೆ."

"ಯಾವಾಗ ಓದಿದೆ?"

"ತಾತ ಹೋಗೋ ಮೊದಲೇ, ಅವರು ಚಪ್ಪಲಿ ಹಾಕ್ಕೊಳ್ತಿರುವಾಗ. ಅಂದಿನಿಂದ ಎದೇಲಿ ಮುಳ್ಳಿನ ಹಾಗೆ ಕೂತಿದೆ."

ಸಂಜೆ ಕೆಲಸ ಬಿಟ್ಟ ಮೇಲೆ ಇಬ್ಬರೂ ಕರಡು ತಾತನ ಮನೆಗೆ ಹೋದೆವು. ಅವರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ದಿನಪತ್ರಿಕೆಯ ತಪ್ಪುಗಳಿಗೆ ಕೆಂಪು ಗೆರೆ ಹಾಕುತ್ತಿದ್ದರು. ಯಾರೂ ಕೇಳದಿದ್ದರೂ ದಿನಾ ಮಾಡುವ ಕೆಲಸ ಅದು. ಚಿಕ್ಕಮ್ಮ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

"ನಿನ್ನ ಚೀಟಿ ತಂದಿದ್ದೀಯಾ?"

ತಂದಿದ್ದಳು. ಪರ್ಸಿನಲ್ಲೇ ಇತ್ತು.

"ಮೂರನೇ ಎಸೆತ ಎಷ್ಟು?"

"ಏಳು."

"ಏಳು ಬದಲಾಗೋ ಗೆರೆಯಾ?"

"ಅಲ್ಲ."

"ಮತ್ತೆ? ನಿನ್ನ ಎಸೆತದಲ್ಲಿ ಮೂರನೇ ಗೆರೆ ಅಲುಗೇ ಇಲ್ಲ. ಅಲುಗಿದ್ದು ನಾಲ್ಕು ಮತ್ತು ಆರು, ಅದೂ ಮೊದಲನೇ ಆಕೃತೀಲಿ. ಗೆರೆಗಳ ಮಾತನ್ನ ಓದೋದು ಅಲ್ಲಿ ಮಾತ್ರ. ಎರಡನೇ ಆಕೃತಿಗೆ ಬಂದಾಗ ಎಲ್ಲ ಗೆರೆಗಳೂ ಕೂತುಬಿಟ್ಟಿರುತ್ತವೆ. ಅದರ ಹೆಸರು, ತೀರ್ಪು, ನೋಟ, ಇಷ್ಟನ್ನೇ ತಗೋಬೇಕು. ಅದರ ಆರು ಗೆರೆಗಳು ಬೇರೆ ಯಾರಿಗೋ ಬೇರೆ ಯಾವಾಗಲೋ ಹೇಳಿದ ಮಾತು. ಪಕ್ಕದ ಮನೆಯವರ ಕಾಗದ ಒಡೆದು ಓದಿ ನೀನು ಅಳ್ತಿದ್ದೀಯ."

ಚಿಕ್ಕಮ್ಮ ಚೀಟಿ ನೋಡುತ್ತ ಕೂತಳು. "ಹಾಗಾದ್ರೆ ಅವರು ಬರ್ತಾರಾ?"

"ಅದು ನನಗೂ ಗೊತ್ತಿಲ್ಲ, ಪುಸ್ತಕಕ್ಕೂ ಗೊತ್ತಿಲ್ಲ. ಎರಡನೇ ಆಕೃತಿ ಹೇಳಿರೋದು ಇಷ್ಟೇ: ಇದು ನಿಧಾನದ ದಾರಿ. ಬೆಟ್ಟದ ಮೇಲಿನ ಮರ ದೂರಕ್ಕೆ ಕಾಣುತ್ತೆ, ಯಾಕಂದ್ರೆ ಬೇರು ಬಿಡೋಕೆ ಅದು ಹೊತ್ತು ತಗೊಂಡಿದೆ. ಎರಡು ವಾರ ಫೋನ್ ಬರಲಿಲ್ಲ ಅಂದ್ರೆ ನೀನೇ ಒಂದು ಸಲ ಮಾಡು. ಒಂದು ಸಲ. ಮೂರು ಸಲ ಅಲ್ಲ."

ಅವಳು ಅಂಗಳದಿಂದಲೇ ಮಾಡಿದಳು. ಯಾರೋ ಎತ್ತಿ ಕರೆದುಕೊಟ್ಟರು. ಅವರ ಫೋನು ಲಿಫ್ಟಿನ ಹೊಂಡದೊಳಗೆ ಬಿದ್ದು ಚೂರಾಗಿ, ಅದರಲ್ಲಿದ್ದ ಇವಳ ನಂಬರೂ ಹೋಗಿತ್ತಂತೆ. ಹೊಸದು ಕೊಳ್ಳಲು ಪೇಟೆಗೆ ಹೋಗಲು ರಜೆ ಸಿಕ್ಕಿರಲಿಲ್ಲ. ಇದು ಜೊತೆಯ ಕೆಲಸಗಾರನ ನಂಬರು, ಮೊದಲೇ ಅವಳಿಗೆ ಕೊಟ್ಟಿಟ್ಟಿದ್ದದ್ದು. ಎರಡು ವಾರ ಅದನ್ನು ಒತ್ತುವ ಧೈರ್ಯ ಅವಳಿಗೆ ಬಂದಿರಲಿಲ್ಲ. "ನಿಮಗೆ ಕಾಗದ ಹಾಕಿದ್ದೀನಿ, ಬಂತಾ?" ಎಂದು ಅವರು ಕೇಳಿದ್ದು ನಮಗೂ ಕೇಳಿಸಿತು. ಕಾಗದ ಮೂರು ದಿನ ಬಿಟ್ಟು ಬಂತು. ಅದರಲ್ಲಿ ಏನಿತ್ತೆಂದು ಅವಳು ನನಗೆ ಇವತ್ತಿನವರೆಗೂ ಹೇಳಿಲ್ಲ. ಮಾತಿನ ಮಲ್ಲಿ ಗುಟ್ಟಾಗಿ ಉಳಿಸಿಕೊಂಡ ಒಂದೇ ಸಂಗತಿ ಅದು.

ಅವರು ಹನ್ನೊಂದನೆಯ ತಿಂಗಳಿಗೆ ಮರಳಿದರು. ಮತ್ತೂ ಏಳು ತಿಂಗಳು ಬಿಟ್ಟು ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಸಾಕ್ಷಿ ಸಹಿ ನನ್ನದು, ಅಮ್ಮನದು, ಕರಡು ತಾತನದು. ತಾತ ಸಹಿ ಹಾಕುವ ಮೊದಲು ಅರ್ಜಿಯನ್ನು ಪೂರ್ತಿ ಓದಿ, ವಧುವಿನ ವಿಳಾಸದಲ್ಲಿದ್ದ ಅಕ್ಷರದ ತಪ್ಪನ್ನು ತಿದ್ದಿಸಿ, ಗುಮಾಸ್ತನ ಕೈಲಿ ಮತ್ತೊಮ್ಮೆ ಬರೆಸಿದರು. ಅದರಿಂದ ನಲವತ್ತು ನಿಮಿಷ ತಡವಾಯಿತು. ಯಾರಿಗೂ ಬೇಸರವಾಗಲಿಲ್ಲ.

ಆ ನಾಣ್ಯಗಳಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ನನ್ನನ್ನು ಕೇಳಿದರೆ, ಒಂದು ಮಾತ್ರ ಹೇಳಬಲ್ಲೆ. ಒಮ್ಮೆ ತಪ್ಪಾಗಿ ಓದಿ ಅವಳು ಬಾಗಿಲು ಮುಚ್ಚಿದಳು, ಸರಿಯಾಗಿ ಓದಿದ ಮೇಲೆ ಕಾಯುವುದನ್ನು ಕಲಿತಳು. ಅವಳಂಥವಳು ಕಾಯುವುದು ಸಣ್ಣ ಸಂಗತಿಯಲ್ಲ.

ಈಗ ಅವರದು ಊರಂಚಿನಲ್ಲಿ ಎರಡು ಕೋಣೆಯ ನೆಲಮಹಡಿ ಮನೆ. ಹಿತ್ತಿಲಲ್ಲಿ ಒಂದಿಷ್ಟು ಟೊಮೇಟೊ ಗಿಡ ಹಾಕಿದ್ದಾರೆ. ಕಳೆದ ವಾರ ಹೋಗಿದ್ದೆ. ಗಿಡಗಳಿಗೆ ಬೆಳಿಗ್ಗೆ ನೀರು ಹಾಕಬೇಕೋ ಸಂಜೆಯೋ ಎಂದು ಇಬ್ಬರಿಗೂ ಜಟಾಪಟಿ ನಡೆದಿತ್ತು. ಚಿಕ್ಕಮ್ಮ ಬೆಳಿಗ್ಗೆಯ ಪರವಾಗಿ ಒಂದು ಗಂಟೆ ವಾದಿಸಿದಳು. ಚಿಕ್ಕಪ್ಪ ಪೂರ್ತಿ ಕೇಳಿ, ಕ್ಯಾನು ತುಂಬಿಕೊಂಡು, "ಹಾಗೇ ಮಾಡೋಣ, ಇವತ್ತು ಸಂಜೆ ಹಾಕಿಬಿಡ್ತೀನಿ, ನಾಳೆಯಿಂದ ಬೆಳಿಗ್ಗೆ," ಎಂದು ಹಿತ್ತಿಲಿಗೆ ಹೋದರು. ಅವಳು ನನ್ನ ಕಡೆ ತಿರುಗಿ, "ಇದನ್ನೇ ನಿನ್ನೆಯೂ ಹೇಳಿದ್ರು ಕಣೇ," ಎಂದಳು. ಆಮೇಲೆ ಅವಳೂ ಎದ್ದು ಇನ್ನೊಂದು ಕ್ಯಾನು ಹಿಡಿದು ಅವರ ಹಿಂದೆ ಹೋದಳು.